ಆಸಿಲೋಸ್ಕೋಪ್ ಪರದೆಯ ಫೋಟೋದಿಂದ ಆವೃತ್ತಿ ಮತ್ತು ಪೀಕ್ ವೋಲ್ಟೇಜ್ ಓದುವ ಬಗೆ

ಪ್ರಶ್ನೆ: ಲ್ಯಾಬಿನಲ್ಲಿ ಸಿಆರ್‌ಒ ಪರದೆಯ ಫೋಟೋ ತೆಗೆದುಕೊಂಡು ಬಂದಿದ್ದೇನೆ. ಸೈನ್ ಅಲೆ, TIME/DIV 0.2 ms, VOLTS/DIV 0.5 V, ಪ್ರೋಬ್ ×1. ಅಲೆ ನಡುಗೆರೆಯಿಂದ ಮೇಲಕ್ಕೆ 3.2, ಕೆಳಕ್ಕೆ 2.4 ಡಿವಿಷನ್ ಇದೆ. ನಡುಗೆರೆಯನ್ನು ಎಡ ಅಂಚಿನಿಂದ 0.6, 2.9, 4.8 ಮತ್ತು 9.0ರಲ್ಲಿ ದಾಟುತ್ತದೆ (7.1 ಹತ್ತಿರವೂ ಒಮ್ಮೆ ದಾಟುತ್ತದೆ). ಗೆಳೆಯ ಪೀಕ್ 1.6 V, ಫ್ರೀಕ್ವೆನ್ಸಿ 1090 Hz ಎಂದು ತೆಗೆದಿದ್ದಾನೆ. ಸರಿಯೇ?

ಎರಡೂ ಸರಿಯಿಲ್ಲ. ನಿಮ್ಮ ಅಳತೆಗಳ ಪ್ರಕಾರ ಪೀಕ್ ವೋಲ್ಟೇಜ್ 1.4 V, ಆವೃತ್ತಿ ಸುಮಾರು 1.19 kHz. ನಿಮ್ಮ ಗೆಳೆಯರ ಎರಡು ತಪ್ಪುಗಳಿಗೂ ಮೂಲ ಒಂದೇ: ಪರದೆಯ ನಡುಗೆರೆಯೇ ಅಲೆಯ ನಡುವೂ ಆಗಿದೆ ಎಂದು ಅವರು ಭಾವಿಸಿದ್ದಾರೆ.

ಮೊದಲು ವೋಲ್ಟೇಜನ್ನು ನೋಡೋಣ. ಅಲೆ ಮೇಲಕ್ಕೆ 3.2, ಕೆಳಕ್ಕೆ 2.4 ಡಿವಿಷನ್ ಇದೆ ಎಂದರೆ ಇಡೀ ಅಲೆಯೇ ನಡುಗೆರೆಗಿಂತ 0.4 ಡಿವಿಷನ್ ಮೇಲೆ ಕುಳಿತಿದೆ. ಪೊಸಿಷನ್ ನಾಬ್ ಸ್ವಲ್ಪ ಸರಿದಿದ್ದರೂ ಹೀಗಾಗುತ್ತದೆ, ಸಿಗ್ನಲ್‌ನಲ್ಲಿ 0.2 V ಡಿಸಿ ಬೆರೆತಿದ್ದರೂ ಹೀಗಾಗುತ್ತದೆ. ಇನ್‌ಪುಟ್ ಸ್ವಿಚ್ಚನ್ನು GNDಗೆ ಹಾಕಿದಾಗ ಗೆರೆ ಎಲ್ಲಿ ನಿಂತಿತ್ತು ಎಂಬುದು ಫೋಟೋದಲ್ಲಿ ಇಲ್ಲದಿರುವುದರಿಂದ ಕಾರಣ ಯಾವುದೆಂದು ಹೇಳಲು ಬರುವುದಿಲ್ಲ. ಆದರೆ ಸೈನ್ ಅಲೆಯ ಪೀಕ್ ತಿಳಿಯಲು ಆ ಕಾರಣ ಬೇಕಾಗಿಯೂ ಇಲ್ಲ. ನಡುಗೆರೆಯನ್ನು ಮರೆತು, ಶಿಖರದಿಂದ ತಗ್ಗಿನವರೆಗಿನ ಪೂರ್ತಿ ಎತ್ತರವನ್ನು ಎಣಿಸಿ ಅದರ ಅರ್ಧವನ್ನು ತೆಗೆದುಕೊಂಡರೆ ಅಲೆ ಎಲ್ಲಿ ಕುಳಿತಿದ್ದರೂ ಉತ್ತರ ಬದಲಾಗುವುದಿಲ್ಲ.

```
Vpp = 5.6 × 0.5 V = 2.8 V
Vp  = 2.8 V ÷ 2 = 1.4 V
```

ಗೆಳೆಯರು 3.2 ಅನ್ನು 0.5ರಿಂದ ಗುಣಿಸಿ 1.6 V ಪಡೆದಿದ್ದಾರೆ. ಅವರೇ ಕೆಳಗಿನ ಅರ್ಧವನ್ನು ಎಣಿಸಿದ್ದರೆ 1.2 V ಬರುತ್ತಿತ್ತು. ಒಂದೇ ಅಲೆಗೆ ಎರಡು ಪೀಕ್ ಬಂದಾಗಲೇ ನಡುಗೆರೆಯನ್ನು ನಂಬಬಾರದೆಂದು ತಿಳಿಯುತ್ತದೆ. ಎತ್ತರ ಎಣಿಸುವಾಗ ಇನ್ನೊಂದು ಸೂಕ್ಷ್ಮವಿದೆ. ಪರದೆಯ ಮೇಲಿನ ಬೆಳಕಿನ ಗೆರೆಗೆ ತನ್ನದೇ ದಪ್ಪವಿರುತ್ತದೆ, ಫೋಟೋದಲ್ಲಿ ಅದು ಇನ್ನಷ್ಟು ಹರಡಿಕೊಂಡಂತೆ ಕಾಣುತ್ತದೆ. ಶಿಖರದಲ್ಲಿ ಗೆರೆಯ ಮೇಲಂಚನ್ನೂ ತಗ್ಗಿನಲ್ಲಿ ಕೆಳ ಅಂಚನ್ನೂ ಹಿಡಿದರೆ ಆ ದಪ್ಪವೂ ವೋಲ್ಟೇಜಿಗೆ ಸೇರಿಕೊಳ್ಳುತ್ತದೆ. ಆದ್ದರಿಂದ ಎರಡೂ ಕಡೆ ಮೇಲಂಚನ್ನೇ ಹಿಡಿಯಬೇಕು, ಇಲ್ಲವೇ ಎರಡೂ ಕಡೆ ಗೆರೆಯ ನಡುಭಾಗವನ್ನು ಹಿಡಿಯಬೇಕು.

ಇನ್ನು ಆವೃತ್ತಿ. ಗೆಳೆಯರು 0.6ರಿಂದ 2.9ರವರೆಗಿನ ದೂರವನ್ನು ಅರ್ಧ ಆವರ್ತವೆಂದು ತಿಳಿದು 2.3 ಅನ್ನು ಇಮ್ಮಡಿಸಿ 4.6 ಡಿವಿಷನ್, ಅಂದರೆ 0.92 ms ಎಂದು ಲೆಕ್ಕ ಹಾಕಿರಬೇಕು. ಅದರಿಂದ ಬರುವುದು ಸುಮಾರು 1090 Hz. ಅಲೆ ನಡುಗೆರೆಗಿಂತ ಮೇಲೆ ಕುಳಿತಿದ್ದಾಗ ಅದು ಗೆರೆಯ ಮೇಲೆ ಕಳೆಯುವ ಸಮಯ ಹೆಚ್ಚು, ಕೆಳಗೆ ಕಳೆಯುವ ಸಮಯ ಕಡಿಮೆ. ಮೇಲಿನ ಭಾಗ 2.3 ಡಿವಿಷನ್ ಇದ್ದರೆ ಕೆಳಗಿನದು 2.9ರಿಂದ 4.8ರವರೆಗೆ, ಕೇವಲ 1.9. ಅದನ್ನು ಇಮ್ಮಡಿಸಿದ್ದರೆ 1300 Hzಗೂ ಹೆಚ್ಚು ಬರುತ್ತಿತ್ತು. ಏರುವಾಗ ದಾಟಿದ ಬಿಂದುವಿನಿಂದ ಮತ್ತೆ ಏರುವಾಗಲೇ ದಾಟಿದ ಬಿಂದುವಿನವರೆಗೆ ಎಣಿಸಿದರೆ ಈ ತೊಂದರೆಯೇ ಇರುವುದಿಲ್ಲ, ಏಕೆಂದರೆ ಅಡ್ಡಗೆರೆ ಯಾವ ಎತ್ತರದಲ್ಲಿದ್ದರೂ ಆ ದೂರ ಒಂದು ಪೂರ್ಣ ಆವರ್ತವೇ ಆಗಿರುತ್ತದೆ. ನಿಮ್ಮ ಫೋಟೋದಲ್ಲಿ 0.6, 4.8 ಮತ್ತು 9.0 ಅಂಥ ಬಿಂದುಗಳು. ಎರಡು ಆವರ್ತಗಳು 8.4 ಡಿವಿಷನ್‌ಗಳಲ್ಲಿ ಮುಗಿದಿವೆ.

```
T = 8.4 × 0.2 ms ÷ 2 = 0.84 ms
f = 1 ÷ 0.00084 s ≈ 1190 Hz
```

ಒಂದೇ ಆವರ್ತವನ್ನು ಅಳೆಯದೆ ಎರಡನ್ನು ಒಟ್ಟಿಗೆ ಅಳೆದದ್ದಕ್ಕೆ ಕಾರಣವಿದೆ. ನಡುಗೆರೆಯ ಮೇಲಿನ ಸಣ್ಣ ಗೀಟುಗಳು 0.2 ಡಿವಿಷನ್‌ಗೆ ಒಂದರಂತೆ ಇರುತ್ತವೆ, ಕಣ್ಣಳತೆಯಲ್ಲಿ ಅದರ ಅರ್ಧದಷ್ಟು, ಅಂದರೆ 0.1 ಡಿವಿಷನ್ ಆಚೀಚೆ ಆಗುವುದು ಸಹಜ. 4.2ರಲ್ಲಿ 0.1 ಎಂದರೆ ಶೇಕಡಾ 2.4, ಅದೇ 8.4ರಲ್ಲಿ ಶೇಕಡಾ 1.2 ಮಾತ್ರ. ಶಿಖರದಿಂದ ಶಿಖರಕ್ಕೆ ಅಳೆಯಬೇಡಿ ಎನ್ನುವುದೂ ಇದೇ ಕಾರಣಕ್ಕೆ: ಶಿಖರ ದುಂಡಗಿರುವುದರಿಂದ ಅದರ ನೆತ್ತಿ ಎಲ್ಲಿದೆಯೆಂದು ಗೀಟಿನ ಲೆಕ್ಕದಲ್ಲಿ ಹೇಳುವುದು ಕಷ್ಟ, ಗೆರೆ ಕಡಿದಾಗಿ ದಾಟುವ ಜಾಗ ಮಾತ್ರ ಸ್ಪಷ್ಟವಾಗಿ ಸಿಗುತ್ತದೆ. ಲ್ಯಾಬಿನ ಸಾಮಾನ್ಯ ಅನಲಾಗ್ ಸ್ಕೋಪ್‌ಗಳ ಸ್ವಂತ ನಿಖರತೆಯೇ ಶೇಕಡಾ 3ರ ಆಸುಪಾಸಿನಲ್ಲಿರುವುದರಿಂದ, ಕ್ಯಾಲ್ಕುಲೇಟರ್ ತೋರಿಸಿದಂತೆ 1190.476 Hz ಎಂದು ರೆಕಾರ್ಡ್‌ನಲ್ಲಿ ಬರೆಯಬೇಡಿ, 1.19 kHz ಸಾಕು, 1.2 kHz ಎಂದರೂ ತಪ್ಪಿಲ್ಲ.

ಫೋಟೋದಿಂದಲೇ ಹುಟ್ಟುವ ತಪ್ಪೊಂದಿದೆ. ಚಿತ್ರವನ್ನು ದೊಡ್ಡದು ಮಾಡಿದರೆ ಚೌಕಗಳೂ ಅಷ್ಟೇ ದೊಡ್ಡದಾಗುವುದರಿಂದ ಚೌಕ ಎಣಿಸುವವರಿಗೆ ತೊಂದರೆಯಿಲ್ಲ. ಆದರೆ ಫೋನನ್ನು ಓರೆಯಾಗಿ ಹಿಡಿದಿದ್ದರೆ ಒಂದು ಬದಿಯ ಚೌಕಗಳು ಅಗಲವಾಗಿ, ಇನ್ನೊಂದು ಬದಿಯವು ಕಿರಿದಾಗಿ ಬೀಳುತ್ತವೆ. ಎಡ ಅಂಚಿನ ಚೌಕ 208 ಪಿಕ್ಸೆಲ್, ಬಲ ಅಂಚಿನದು 192 ಪಿಕ್ಸೆಲ್ ಇದೆ ಎಂದುಕೊಳ್ಳಿ. ಆಗ ಅಲೆಯ ಉದ್ದವನ್ನು ಪಿಕ್ಸೆಲ್‌ನಲ್ಲಿ ಅಳೆದು ಎಡ ಚೌಕದ ಅಗಲದಿಂದ ಭಾಗಿಸಿದವರಿಗೆ 8.4ರ ಬದಲು ಸುಮಾರು 8.1 ಡಿವಿಷನ್ ಸಿಗುತ್ತದೆ. ಆದ್ದರಿಂದ ಎರಡೂ ಅಂಚಿನ ಚೌಕಗಳನ್ನು ಅಳೆದು ನೋಡಿ. ವ್ಯತ್ಯಾಸ ಕಂಡರೆ ಸ್ಕೇಲು, ಪಿಕ್ಸೆಲ್ ಎರಡನ್ನೂ ಬಿಟ್ಟು, ಪ್ರತಿ ಬಿಂದುವನ್ನು ಅದರ ಪಕ್ಕದ ಗೆರೆ ಮತ್ತು ಗೀಟುಗಳಿಂದಲೇ ಓದಿ.

ಕೊನೆಯದಾಗಿ, ಫೋಟೋ ನಿಮಗೆ ಹೇಳಲಾರದ ಸಂಗತಿಯೊಂದು ಇಡೀ ಲೆಕ್ಕವನ್ನು ಕೆಡಿಸಬಲ್ಲದು. VOLTS/DIV ಮತ್ತು TIME/DIV ನಾಬ್‌ಗಳಿಗೆ ಸೇರಿದಂತೆ, ಅಥವಾ ಅವುಗಳ ಪಕ್ಕದಲ್ಲಿ, ಒಂದೊಂದು ಸಣ್ಣ ವೇರಿಯಬಲ್ ನಾಬ್ ಇರುತ್ತದೆ. ಅದು CAL ಸ್ಥಾನದಲ್ಲಿದ್ದಾಗ ಮಾತ್ರ ಫಲಕದ ಮೇಲೆ ಬರೆದ 0.5 V ಮತ್ತು 0.2 ms ನಿಜ. ನಾನು ಓದುತ್ತಿದ್ದಾಗ ಒಂದು ಆರ್‌ಸಿ ಫಿಲ್ಟರ್ ಪ್ರಯೋಗದಲ್ಲಿ ನಮ್ಮ ಮೇಜಿನ ವೋಲ್ಟೇಜ್‌ಗಳೆಲ್ಲ ಕಡಿಮೆ ಬರುತ್ತಿದ್ದವು. ಸರ್ಕಿಟ್ಟನ್ನು ಎರಡು ಸಲ ಬಿಚ್ಚಿ ಕಟ್ಟಿದ ಮೇಲೆ, ಸ್ಕೋಪ್‌ನ ಮುಂಭಾಗದಲ್ಲೇ ಇರುವ CAL ಟರ್ಮಿನಲ್‌ಗೆ ಪ್ರೋಬ್ ಸಿಕ್ಕಿಸಿದೆವು. ಅಲ್ಲಿ 2 V ಪೀಕ್-ಟು-ಪೀಕ್ ಎಂದು ಬರೆದಿತ್ತು, 0.5 Vನಲ್ಲಿ ಆ ಚೌಕ ಅಲೆ 4 ಡಿವಿಷನ್ ನಿಲ್ಲಬೇಕಿತ್ತು, ನಿಂತದ್ದು 3ಕ್ಕಿಂತ ತುಸು ಹೆಚ್ಚು. ಸಣ್ಣ ನಾಬನ್ನು ಬಲಕ್ಕೆ ಪೂರ್ತಿ ತಿರುಗಿಸಿದಾಗ ಅದು ಕಟ್ ಎಂದು ಕೂತಿತು, ಅಲೆ 4 ಡಿವಿಷನ್‌ಗೆ ಏರಿತು. ಅಲ್ಲಿಯವರೆಗೆ ಬರೆದ ರೀಡಿಂಗ್‌ಗಳನ್ನು ಹೊಡೆದುಹಾಕಿ ಮತ್ತೆ ತೆಗೆಯಬೇಕಾಯಿತು. ನಿಮ್ಮ ಫೋಟೋದಲ್ಲಿ ಪರದೆ ಮಾತ್ರ ಇರುವುದಾದರೆ, ಆ ನಾಬ್‌ಗಳು ಎಲ್ಲಿದ್ದವು, TIME/DIVಗೆ ಸಂಬಂಧಿಸಿದ ×10 MAG ಬಟನ್ ಒತ್ತಿತ್ತೇ ಎಂಬುದನ್ನು ನೆನಪು ಮಾಡಿಕೊಳ್ಳಿ. MAG ಒತ್ತಿದ್ದರೆ ಪ್ರತಿ ಡಿವಿಷನ್ 0.02 ms ಮಾತ್ರ, ಆಗ ಆವೃತ್ತಿ 11.9 kHz ಆಗುತ್ತದೆ. ಜನರೇಟರ್ ಅನ್ನು 1 kHz ಆಸುಪಾಸಿನಲ್ಲಿ ಇಟ್ಟಿದ್ದಿರಾ, 10 kHz ಆಸುಪಾಸಿನಲ್ಲಿ ಇಟ್ಟಿದ್ದಿರಾ ಎಂಬುದು ನಿಮಗೆ ನೆನಪಿದ್ದರೆ ಆ ಸಂಶಯ ಅಲ್ಲಿಗೇ ತೀರುತ್ತದೆ. ವೇರಿಯಬಲ್ ನಾಬ್ ಸರಿದಿದ್ದರೆ ಮಾತ್ರ ಫೋಟೋದಿಂದ ಏನೂ ಮಾಡಲಾಗದು, ಲ್ಯಾಬಿಗೆ ಹೋಗಿ CAL ಅಲೆಯನ್ನು ನೋಡಿಕೊಂಡು ಮತ್ತೊಮ್ಮೆ ಅಳೆಯಬೇಕು.