ಸೋರಿಕೆ ಬಗ್ಗೆ ಸೊಸೈಟಿ ಕಮಿಟಿಗೆ ಮೇಲ್

“ಮುಲುಂಡ್‌ನಲ್ಲಿ ಟಾಪ್ ಫ್ಲೋರ್ ಮನೆ. ಮೂರನೇ ಮಳೆಗಾಲವೂ ಟೆರೇಸ್‌ನಿಂದ ಸೋರುತ್ತಿದೆ, ಸೆಕ್ರೆಟರಿ ‘ನೋಡೋಣ’ ಅಂತಾರೆ. ಮೀಟಿಂಗ್ ಕೇಳಿ ಮೇಲ್ ಹೇಗೆ ಬರೆಯಲಿ?”

ಸಿಟ್ಟನ್ನೆಲ್ಲ ಮೇಲ್‌ಗೆ ಸುರಿಯಬೇಡಿ. ನಾನು ಮೊದಲ ಸಲ ಎರಡು ಪುಟ ಬರೆದಿದ್ದೆ, ಯಾರೂ ಓದಲಿಲ್ಲ. ಇಷ್ಟು ಸಾಕು, ಮರಾಠಿಗೋ ಇಂಗ್ಲಿಷ್‌ಗೋ ತಿರುಗಿಸಿಕೊಳ್ಳಿ:

“ಸೆಕ್ರೆಟರಿಯವರಿಗೆ,
ಟೆರೇಸ್ ನೀರು ಬೆಡ್‌ರೂಮ್ ಸೀಲಿಂಗ್‌ಗೆ ಇಳಿಯುತ್ತಿದೆ. ಹಿಂದಿನ ಎರಡು ಮಳೆಗಾಲದಲ್ಲೂ ದೂರು ಕೊಟ್ಟಿದ್ದೆ, ಪ್ರತಿ ಲಗತ್ತಿಸಿದ್ದೇನೆ. ಕಳೆದ ಸಲ ಬಿರುಕಿಗೆ ಸಿಮೆಂಟ್ ಮೆತ್ತಿದ್ದು ಮತ್ತೆ ಬಿಟ್ಟಿದೆ. ಜುಲೈ 12ರ ಸಂಜೆ 7ಕ್ಕೆ, 13ರ ಬೆಳಿಗ್ಗೆ 11ಕ್ಕೆ ಅಥವಾ 15ರ ರಾತ್ರಿ 8:30ಕ್ಕೆ ಭೇಟಿಯಾಗಬಹುದೇ? ಯಾವುದೆಂದು 10ರೊಳಗೆ ತಿಳಿಸಿ. ಮೊದಲು ಟೆರೇಸ್ ನೋಡೋಣ, ಆಮೇಲೆ ವಾಟರ್‌ಪ್ರೂಫಿಂಗ್ ಕೊಟೇಶನ್ ಬಗ್ಗೆ ನಿರ್ಧರಿಸೋಣ.”

ತಾರೀಖು ಮೂರು ಕೊಡಿ, ಒಂದಾದರೂ ಭಾನುವಾರ ಇರಲಿ, ಆಫೀಸಿಗೆ ಹೋಗುವ ಕಮಿಟಿಯವರು ಸಿಗೋದೇ ಅವತ್ತು. ಮಹಾರಾಷ್ಟ್ರದ ಮಾದರಿ ಬೈಲಾ ಪ್ರಕಾರ ಟೆರೇಸ್ ರಿಪೇರಿ ಸೊಸೈಟಿ ಖರ್ಚು, ನಿಮ್ಮದಲ್ಲ. ಕೆಳಗಿನ ಮಹಡಿಗಳಲ್ಲಿ ಮೇಲಿನ ಫ್ಲಾಟಿನ ಬಾತ್‌ರೂಮಿಂದ ಸೋರಿದರೆ ಮಾತ್ರ ಲೆಕ್ಕ ಬೇರೆ, ಅದು ಆ ಮೇಲಿನ ಮನೆಯವರ ತಲೆಮೇಲೆ. ನಿಮ್ಮದು ಟೆರೇಸ್‌ನ ಮಳೆನೀರೇ ಅಂತ ತೋರಿಸೋಕೆ ಸೀಲಿಂಗ್ ಕಲೆಯ ಫೋಟೋ ಮಳೆ ಬಿದ್ದ ದಿನವೇ ತೆಗೆದು ಮೇಲ್‌ಗೆ ಹಾಕಿ. ಮತ್ತೆ ಅದೇ ಮೇಲ್ ಪ್ರಿಂಟ್ ತೆಗೆದು ಸೊಸೈಟಿ ಆಫೀಸಲ್ಲಿ ಕೊಟ್ಟು, ನಿಮ್ಮ ಪ್ರತಿ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. ‘ಮೇಲ್ ಬಂದಿಲ್ಲ’ ಅನ್ನೋದು ಅವರ ಮಾಮೂಲಿ ಡೈಲಾಗ್ ಅಲ್ವಾ.