ಮಕ್ಕಳ ಹೊಟ್ಟೆನೋವು: ಗ್ಯಾಸೋ, ಅಪೆಂಡಿಸೈಟಿಸೋ?

ಪ್ರಶ್ನೆ: ಏಳು ವರ್ಷದ ಮಗಳಿಗೆ ನಿನ್ನೆ ಸಂಜೆಯಿಂದ ಹೊಟ್ಟೆನೋವು, ಸಣ್ಣ ಜ್ವರ. ಗ್ಯಾಸ್ ಇರಬಹುದೇ? ಓಂಕಾಳಿನ ಕಷಾಯ ಕೊಟ್ಟು ಇನ್ನೊಂದು ದಿನ ನೋಡಬಹುದೇ?

ನೋಡಬೇಡಿ, ಇವತ್ತೇ ಹೊರಡಿ. ತೀರ್ಥಹಳ್ಳಿಯಿಂದ ಸಾಕಷ್ಟು ಒಳಗಿರುವ ನಮ್ಮ ಮನೆಯಲ್ಲಿ ಒಂದು ಮಳೆಗಾಲ ಮಗ ಹಲಸಿನ ಕಡುಬು ತಿಂದ ಮರುದಿನ ಹೊಕ್ಕುಳ ಸುತ್ತ ನೋವೆಂದ. ಕಡುಬಿನ ಮೇಲೆ ತಪ್ಪು ಹೊರಿಸಿ ಎಲ್ಲರೂ ಸಮಾಧಾನಪಟ್ಟೆವು.

ಗ್ಯಾಸಿನ ನೋವು ಬಂದು ಬಂದು ಹೋಗುತ್ತದೆ. ನಡುವೆ ಮಗು ಆಡುತ್ತದೆ, ಹೂಸು ಹೋದರೆ ಅಥವಾ ಕಕ್ಕಸಿಗೆ ಹೋಗಿ ಬಂದರೆ ಹಗುರಾಗಿ ತಿನ್ನಲು ಕೇಳುತ್ತದೆ. ಇವನದು ಬಿಡುವಿಲ್ಲದ ನೋವು. ಇಷ್ಟದ ನೀರುದೋಸೆಯನ್ನು ತಟ್ಟೆಸಮೇತ ದೂರ ತಳ್ಳಿದ, ಆಮೇಲೆ ವಾಂತಿಯಾಯಿತು. ಮರುದಿನ ಬೆಳಿಗ್ಗೆ ಅವನ ಬೆರಳು ಹೊಕ್ಕುಳ ಬಿಟ್ಟು ಬಲಗಡೆ ಸೊಂಟದ ಮೂಳೆಯ ಹತ್ತಿರಕ್ಕೆ ಬಂದಿತ್ತು. ಬಲಗೈ ಅಲ್ಲಿಟ್ಟುಕೊಂಡು ಬಗ್ಗಿ ನಡೆಯುತ್ತಿದ್ದ, ಜಗಲಿಯ ಮೆಟ್ಟಿಲು ಇಳಿದರೆ ಚೀರುತ್ತಿದ್ದ. ಜ್ವರ ನೂರು ಡಿಗ್ರಿಯಷ್ಟೇ.

ನಾವು ಕೆಟ್ಟದ್ದು ಇದರ ನಂತರ. ಜೀಪಿಗೆ ಹೇಳಿಯಾಗಿತ್ತು. ಆದರೆ ಮಾರನೆಯ ಬೆಳಗಿನ ಜಾವ ಅವನೇ "ಅಪ್ಪ, ನೋವು ಹೋಯಿತು" ಎಂದು ಮಲಗಿಬಿಟ್ಟ. ಜೀಪು ಬೇಡವೆಂದೆ. ಕರುಳಿಗೆ ಅಂಟಿಕೊಂಡ ಅಪೆಂಡಿಕ್ಸ್ ಎಂಬ ಸಣ್ಣ ಚೀಲದ ಬಾಯಿ ಕಟ್ಟಿದಾಗ ಒಳಗೆ ಒತ್ತಡ ಏರುತ್ತದೆ, ನೋವು ಅದರದ್ದು. ಚೀಲ ಒಡೆದರೆ ಒತ್ತಡ ಇಳಿಯುತ್ತದೆ, ನೋವೂ ಸ್ವಲ್ಪ ಹೊತ್ತು ಇಳಿಯುತ್ತದೆ, ಕೀವು ಮಾತ್ರ ಹೊಟ್ಟೆಯೊಳಗೆ ಹರಡುತ್ತಿರುತ್ತದೆ. ನಾನು ಗುಣವೆಂದು ತಿಳಿದದ್ದು ಒಡೆದ ಗುರುತು. ಹಸಿವೆಯೇನೂ ಮರಳಿರಲಿಲ್ಲ, ಅದನ್ನಾದರೂ ನೋಡಬೇಕಿತ್ತು. ಮಧ್ಯಾಹ್ನ ಜ್ವರ ನೂರಮೂರು, ಹೊಟ್ಟೆ ಹಲಗೆಯಂತೆ ಬಿಗಿದಿತ್ತು. ಶಿವಮೊಗ್ಗದಲ್ಲಿ ಆಪರೇಷನ್ ಮಾಡಿ ಕೀವು ತೊಳೆದರು, ಪೈಪು ಹಾಕಿಸಿಕೊಂಡು ಬಹಳ ದಿನ ಮಲಗಬೇಕಾಯಿತು. ಒಡೆಯುವ ಮೊದಲು ತಲುಪಿದ್ದರೆ ಇದು ಎರಡು ಮೂರು ದಿನದ ಕೆಲಸ.

ಹಾಗಾಗಿ, ಗ್ಯಾಸೋ ಅಲ್ಲವೋ ಎಂಬುದನ್ನು ಮನೆಯಲ್ಲಿ ತೀರ್ಮಾನಿಸುವ ಹಟವೇ ಸರಿಯಲ್ಲ. ಬಲಗಾಲಿನ ಮೇಲೆ ಕುಪ್ಪಳಿಸಲು ಹೇಳಿ. ನೋವಿನಿಂದ ಆಗದಿದ್ದರೆ ಹೊಟ್ಟೆಯ ಒಳಪೊರೆ ಕೆರಳಿದೆ ಎಂಬ ಅನುಮಾನ ಬಲವಾಗುತ್ತದೆ. ಕುಪ್ಪಳಿಸಿದಳೆಂದು ಮಾತ್ರ ನಿಶ್ಚಿಂತರಾಗಬೇಡಿ. ಚೀಲ ಕೆಳಗೆ ಇಳಿದಿದ್ದರೆ ಭೇದಿ, ಉರಿಮೂತ್ರವೂ ಇರಬಹುದು. ಐದು ವರ್ಷದೊಳಗಿನ ಮಕ್ಕಳು ಜಾಗ ತೋರಿಸಲಾರರು, ಅವರಲ್ಲಿ ಬೇಗ ಒಡೆಯುತ್ತದೆ. ಸಾಮಾನ್ಯವಾಗಿ ಒಂದೂವರೆ ದಿನ ದಾಟಿದರೆ ಅಪಾಯ ಏರುತ್ತಾ ಹೋಗುತ್ತದೆ. ನಿನ್ನೆ ಸಂಜೆಯಿಂದ ಲೆಕ್ಕ ಹಾಕಿ.

ಕಷಾಯ, ಹರಳೆಣ್ಣೆ, ಬಿಸಿನೀರಿನ ಚೀಲ ಯಾವುದೂ ಬೇಡ. ಆಪರೇಷನ್ ಬೇಕಾಗಬಹುದು, ಡಾಕ್ಟರು ನೋಡುವವರೆಗೆ ಊಟವನ್ನೂ ಕೊಡಬೇಡಿ. ಸರ್ಜನ್ ಮತ್ತು ಸ್ಕ್ಯಾನಿಂಗ್ ಇರುವ ಆಸ್ಪತ್ರೆಗೇ ಹೋಗಿ, ಫೋನು ಮಾಡಿ ಕೇಳಿಕೊಂಡೇ ಹೊರಡಿ. ನೋವು ಎಲ್ಲಿ ಶುರುವಾಯಿತು, ಎಷ್ಟು ಹೊತ್ತಿಗೆ ಎಲ್ಲಿಗೆ ಸರಿಯಿತು, ವಾಂತಿ ನೋವಿಗಿಂತ ಮೊದಲೋ ಆಮೇಲೋ ಎಂಬುದನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಡಾಕ್ಟರು ಮೊದಲು ಕೇಳುವುದು ಅದನ್ನೇ.