ಗೈಡ್ ಬದಲಾವಣೆ: ಮೊದಲು ಕೋರಿಕೆ, ಆಮೇಲೆ ದೂರು

*ಪಿಎಚ್‌.ಡಿ. ಮೂರನೇ ವರ್ಷದಲ್ಲಿದ್ದೇನೆ. ಎರಡನೇ ಅಧ್ಯಾಯ ಕೊಟ್ಟು ಏಳು ತಿಂಗಳಾಯಿತು, ಗೈಡ್ ಬಿಚ್ಚಿಯೂ ನೋಡಿಲ್ಲ. ಬಸ್ ಹಿಡಿದು ಹೋದರೆ ‘ಮುಂದಿನ ವಾರ ಬಾರಮ್ಮ’ ಅನ್ನುತ್ತಾರೆ. ಗೈಡ್ ಬದಲಿಸಬಹುದೇ? ನೇರವಾಗಿ ಕುಲಪತಿಗಳಿಗೇ ದೂರು ಕೊಡಲೇ?*
*— ಸಂಶೋಧನಾ ವಿದ್ಯಾರ್ಥಿನಿ, ಗದಗ*

ಬದಲಿಸಬಹುದು. ಆದರೆ ಕುಲಪತಿಗಳ ಹತ್ತಿರ ಈಗಲೇ ಹೋಗಬೇಡಿ. ಅಂಥ ಅರ್ಜಿ ಸಾಮಾನ್ಯವಾಗಿ ‘ಸೂಕ್ತ ಕ್ರಮಕ್ಕಾಗಿ’ ಎಂಬ ಷರಾ ಹೊತ್ತು ನಿಮ್ಮ ವಿಭಾಗಕ್ಕೇ ವಾಪಸ್ ಬರುತ್ತದೆ. ಅಷ್ಟರಲ್ಲಿ ಸುದ್ದಿ ಗೈಡ್ ಕಿವಿಗೂ ಬಿದ್ದಿರುತ್ತದೆ.

ಗೈಡ್ ಬದಲಾವಣೆ ಒಂದು ಕೋರಿಕೆ. ಅದರ ಜೊತೆ ದೂರನ್ನೂ ಹೆಣೆದರೆ, ವಿಚಾರಣೆ ಮುಗಿಯಲಿ ಎಂದು ಕೋರಿಕೆಯೂ ಮೂಲೆ ಸೇರುತ್ತದೆ. ನನ್ನ ಗೆಳೆಯರೊಬ್ಬರು ಒಂಬತ್ತು ಪುಟ ಬರೆದು ತಂದಿದ್ದರು. ಸಿಟ್ಟು ಬೇಕಾದಷ್ಟಿತ್ತು, ತಾರೀಖು ಒಂದೂ ಇರಲಿಲ್ಲ!

ನಿಮಗೆ ಸಾಕಾಗುವುದು ಇಷ್ಟೇ: ‘ಇಂಥ ದಿನ ಅಧ್ಯಾಯ ಸಲ್ಲಿಸಿದೆ. ಇಂಥ ಇಂಥ ದಿನ ಇ-ಮೇಲ್‌ನಲ್ಲಿ ಕೇಳಿದೆ. ಅಭಿಪ್ರಾಯ ಬಂದಿಲ್ಲ.’ ಇಲ್ಲಿಯವರೆಗೆ ಬರೀ ಬಾಯಿಮಾತಿನಲ್ಲಿ ಕೇಳಿದ್ದರೆ ಇವತ್ತೇ ಒಂದು ಇ-ಮೇಲ್ ಹಾಕಿ. ಮುಂದೆ ಪ್ರತಿ ಭೇಟಿಯಾದ ಸಂಜೆ, ‘ಇಂದು ಬಂದಿದ್ದೆ, ಮುಂದಿನ ವಾರ ಬರಲು ಹೇಳಿದಿರಿ’ ಎಂದು ಎರಡು ಸಾಲು ಕಳಿಸಿ. ಅದು ಜಗಳ ಅನಿಸುವುದಿಲ್ಲ, ದಾಖಲೆ ಮಾತ್ರ ಆಗುತ್ತದೆ.

2022ರ ಯುಜಿಸಿ ನಿಯಮದಂತೆ ಪ್ರತಿ ಸೆಮಿಸ್ಟರ್ ನೀವು ಸಂಶೋಧನಾ ಸಲಹಾ ಸಮಿತಿಯ ಮುಂದೆ ಪ್ರಗತಿ ವರದಿ ಕೊಡಬೇಕು. ತೊಡಕೆಂದರೆ, ಆ ಸಮಿತಿಯ ಸಂಚಾಲಕರು ನಿಮ್ಮ ಗೈಡೇ. ಅದಕ್ಕೇ ಈ ಏಳು ತಿಂಗಳ ಲೆಕ್ಕವನ್ನು ಬಾಯಲ್ಲಿ ಹೇಳಿ ಸುಮ್ಮನಾಗಬೇಡಿ. ವರದಿಯೊಳಗೇ ಬರೆಯಿರಿ, ಒಂದು ಪ್ರತಿಯನ್ನು ವಿಭಾಗದ ಮುಖ್ಯಸ್ಥರಿಗೂ ಕೊಟ್ಟು ಸ್ವೀಕೃತಿ ಪಡೆಯಿರಿ.

ಅರ್ಜಿಗೆ ಮೊದಲು ಹೊಸ ಗೈಡ್ ಸಿಗಬೇಕು, ಅಲ್ವಾ? ಪ್ರೊಫೆಸರ್ ಒಂದು ಸಲಕ್ಕೆ 8, ಅಸೋಸಿಯೇಟ್ 6, ಅಸಿಸ್ಟೆಂಟ್ 4 ಪಿಎಚ್‌.ಡಿ. ವಿದ್ಯಾರ್ಥಿಗಳನ್ನಷ್ಟೇ ಇಟ್ಟುಕೊಳ್ಳಬಹುದು. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಉಳಿದವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಎಷ್ಟೋ ಅರ್ಜಿ ನಿಲ್ಲುವುದು ಇಲ್ಲೇ. ಸೀಟು ಖಾಲಿ ಇರುವವರಿಂದ ಒಪ್ಪಿಗೆ ಪತ್ರ ಪಡೆದು ಲಗತ್ತಿಸಿ. ಹಳೆಯ ಗೈಡ್‌ನ ಎನ್‌ಒಸಿಯನ್ನೂ ಆಫೀಸು ಕೇಳಬಹುದು. ಇ-ಮೇಲ್‌ನಲ್ಲೇ ಕೇಳಿ. ಕೊಡದಿದ್ದರೆ, ಕೇಳಿದ ಆ ಇ-ಮೇಲನ್ನೇ ಅರ್ಜಿಗೆ ಹಚ್ಚಿ.

ಇಷ್ಟಾದರೂ ಕೆಲಸ ಆಗದಿದ್ದರೆ ದೂರಿನ ಸರದಿ. 2023ರ ಯುಜಿಸಿ ನಿಯಮದ ಪ್ರಕಾರ ವಿದ್ಯಾರ್ಥಿಗಳ ಕುಂದುಕೊರತೆ ಸಮಿತಿ 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು. ತೀರ್ಮಾನ ಒಪ್ಪಿಗೆಯಾಗದಿದ್ದರೆ 15 ದಿನದೊಳಗೆ ವಿಶ್ವವಿದ್ಯಾಲಯದ ಓಂಬುಡ್ಸ್‌ಪರ್ಸನ್‌ಗೆ ಮೇಲ್ಮನವಿ ಹಾಕಬಹುದು.

ಒಂದು ಮಾತು: ಆದಷ್ಟು ವಿಷಯ ಬದಲಿಸಬೇಡಿ. ಗೈಡ್ ಬದಲಾದರೂ ನಿಮ್ಮ ಆರು ವರ್ಷದ ಗಡುವು ಪ್ರವೇಶ ಪಡೆದ ದಿನದಿಂದಲೇ ಓಡುತ್ತಿರುತ್ತದೆ. ಹೊಸ ಗೈಡನ್ನು ಹುಡುಕುವಾಗ ಆ ಎರಡನೇ ಅಧ್ಯಾಯವನ್ನೇ ಕೈಯಲ್ಲಿ ಹಿಡಿದು ಹೋಗಿ.

— ಸಂ.